ಕಾಲಿನ ಹುಣ್ಣಿಗೆ ಬಿಗಿ ಬ್ಯಾಂಡೇಜ್ ಸುತ್ತುವ ಮೊದಲು

ಮಾಯದ ಕಾಲಿನ ಹುಣ್ಣನ್ನು ಕಂಡೊಡನೆ ಬಿಗಿಯಾದ ಬ್ಯಾಂಡೇಜ್ ಸುತ್ತುವವರಿದ್ದಾರೆ. ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳ ದೋಷದಿಂದಾದ ಹುಣ್ಣಿಗೆ ಅದೇ ಮುಖ್ಯ ಚಿಕಿತ್ಸೆಯಾದರೂ, ಕಾಲಿಗೆ ರಕ್ತ ತರುವ ಅಪಧಮನಿ ಕಿರಿದಾಗಿ ಆದ ಹುಣ್ಣಿನಲ್ಲಿ ಅದು ಉಳಿದಿರುವ ಅಲ್ಪ ಹರಿವನ್ನೂ ತಡೆದು ಬೆರಳುಗಳು ಕೊಳೆಯುವಂತೆ ಮಾಡಬಹುದು.

ಅಭಿಧಮನಿಯ ಹುಣ್ಣು ಸಾಮಾನ್ಯವಾಗಿ ಕಣಕಾಲಿನ ಒಳಬದಿಯ ಸ್ವಲ್ಪ ಮೇಲೆ, ಅಂಕುಡೊಂಕಾದ ಇಳಿಜಾರು ಅಂಚಿನೊಂದಿಗೆ, ಆಳವಿಲ್ಲದೆ ಅಗಲವಾಗಿ ಹರಡಿ ನೀರು ಸೋರುತ್ತಿರುತ್ತದೆ. ಸುತ್ತಲಿನ ಚರ್ಮ ಊದಿಕೊಂಡು, ಕಂದುಗಟ್ಟಿ, ತುರಿಸುತ್ತದೆ. ಕಾಲನ್ನು ಎತ್ತಿಟ್ಟರೆ ನೋವು ತಗ್ಗುತ್ತದೆ.

ಇದಕ್ಕೆ ಪ್ರತಿಯಾಗಿ, ಅಪಧಮನಿಯ ಹುಣ್ಣಿಗೆ ಉದಾಹರಣೆಯಾಗಿ, ಬೀಡಿ ಸೇದುವ ಹಿರಿಯರೊಬ್ಬರ ಕಾಲ್ಬೆರಳಿನ ಮೇಲೆ ಅಚ್ಚಿನಿಂದ ಕತ್ತರಿಸಿದಂತಹ ನೇರ ಅಂಚಿನ, ಸ್ನಾಯುರಜ್ಜು ಕಾಣುವಷ್ಟು ಆಳದ, ಒಣಗಿದ ಬಿಳಿಚು ತಳದ ಹುಣ್ಣಿದೆ ಎನ್ನೋಣ. ಪಾದ ತಣ್ಣಗಿದ್ದು, ಚರ್ಮ ರೋಮವಿಲ್ಲದೆ ಹೊಳೆಯುತ್ತದೆ. ರಾತ್ರಿ ನೋವು ತಾಳಲಾರದೆ ಅವರು ಕಾಲನ್ನು ಮಂಚದಿಂದ ಇಳಿಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ, ಮನೆಯವರು ವೈದ್ಯರಿಗೆ ಹೇಳಲೇಬೇಕಾದ ಸಂಗತಿ ಈ ಇಳಿಬಿಡುವ ಅಭ್ಯಾಸವೇ. ರಕ್ತದ ಹರಿವನ್ನು ಶಬ್ದತರಂಗದಿಂದ ಗುರುತಿಸುವ ಡಾಪ್ಲರ್ ಸಾಧನ ಇಟ್ಟು ಅಳೆದಾಗ ಕಣಕಾಲಿನ ರಕ್ತದೊತ್ತಡ 84, ತೋಳಿನದು 140 ಬಂದರೆ ಅನುಪಾತ 0.6 ಆಗುತ್ತದೆ. ಅದು 0.8ಕ್ಕಿಂತ ಕಡಿಮೆಯಿದ್ದಾಗ ಪೂರ್ಣ ಬಿಗಿತದ ಬ್ಯಾಂಡೇಜ್ ಸಲ್ಲದು. ಅವರನ್ನು ರಕ್ತನಾಳ ತಜ್ಞರ ಬಳಿಗೆ ತಡಮಾಡದೆ ಕಳುಹಿಸಬೇಕು.

ಆದರೆ ಸಕ್ಕರೆ ಕಾಯಿಲೆಯವರಲ್ಲಿ ನರಗಳು ಮರಗಟ್ಟಿ ನೋವೇ ಇಲ್ಲದಿರಬಹುದು, ಅಪಧಮನಿಗಳು ಗಡುಸಾಗಿ ಅನುಪಾತವೂ ಸುಳ್ಳಾಗಿ ಹೆಚ್ಚು ಕಾಣಬಹುದು. ಅಂಥವರಲ್ಲಿ ಕಾಲ್ಬೆರಳಿನ ಒತ್ತಡವನ್ನು ಅಳೆಯುವುದು ಹೆಚ್ಚು ನಂಬಲರ್ಹ.