ಕಿಡ್ನಿ ಕಾಯಿಲೆಯ ಬೆಕ್ಕಿನ ಕತ್ತು ಬಾಗಿದೆಯೇ? ಪೊಟ್ಯಾಸಿಯಂ ಕೊಡುವ ಕ್ರಮ ಹೀಗಿದೆ

ಕಿಡ್ನಿ ಕಾಯಿಲೆ ಇರುವ ಬೆಕ್ಕು ಗದ್ದವನ್ನು ಎದೆಗೆ ತಾಗಿಸಿಕೊಂಡು ಕೂತಿದೆ. ಕರೆದರೆ ತಲೆ ಎತ್ತುವುದಿಲ್ಲ, ಕಣ್ಣು ಮಾತ್ರ ಮೇಲೆ ಮಾಡಿ ನೋಡುತ್ತದೆ. ನಡೆಯುವಾಗ ಕಾಲು ಸೆಟೆದಂತಿದೆ, ಸೋಫಾ ಹತ್ತುವುದನ್ನೇ ಬಿಟ್ಟಿದೆ. ಇದನ್ನು ಮುಪ್ಪು ಎಂದುಕೊಂಡು ಸುಮ್ನೆ ಇರಬೇಡಿ. ಇಂಥ ಬೆಕ್ಕಿನಲ್ಲಿ ಮೊದಲು ನೋಡಬೇಕಾದ್ದು ರಕ್ತದ ಪೊಟ್ಯಾಸಿಯಂ ಮಟ್ಟ.

ಕಿಡ್ನಿ ಹಾಳಾದಾಗ ಮೂತ್ರ ಜಾಸ್ತಿ ಹೋಗುತ್ತದೆ, ಅದರ ಜೊತೆಗೆ ಪೊಟ್ಯಾಸಿಯಂ ಕೂಡ ಹೋಗುತ್ತದೆ. ಊಟ ಕಡಿಮೆಯಾಗಿರುವುದರಿಂದ ಹೋದದ್ದು ವಾಪಸ್ ಬರುವುದಿಲ್ಲ. ಪೊಟ್ಯಾಸಿಯಂ ಇಳಿದಷ್ಟೂ ಹಸಿವು ಮತ್ತೆ ಇಳಿಯುತ್ತದೆ, ಮಲಬದ್ಧತೆ ಬರುತ್ತದೆ, ಕಿಡ್ನಿಗೂ ಕಷ್ಟವಾಗುತ್ತದೆ. ಮಾಂಸಖಂಡ ಸರಿಯಾಗಿ ಬಿಗಿಯಲು ಪೊಟ್ಯಾಸಿಯಂ ಬೇಕೇ ಬೇಕು. ನಾಯಿಯ ಕತ್ತಿನ ಹಿಂಭಾಗದಲ್ಲಿ ತಲೆಯ ಭಾರ ಹೊರುವ ಗಟ್ಟಿ ಪಟ್ಟಿಯೊಂದಿದೆ. ಬೆಕ್ಕಿಗೆ ಅದಿಲ್ಲ, ತಲೆ ನಿಂತಿರುವುದು ಮಾಂಸಖಂಡದ ಬಲದ ಮೇಲೆಯೇ. ಅದಕ್ಕೇ ಸುಸ್ತು ಕತ್ತಿನಲ್ಲಿ ಎದ್ದು ಕಾಣುತ್ತದೆ.

ಮಲ್ಲೇಶ್ವರದ ಒಂದು ಮನೆಯಿಂದ ನನ್ನ ಹತ್ತಿರ ಬಂದ ಪುಟ್ಟಿಯ ಲೆಕ್ಕ ಹೇಳುತ್ತೇನೆ. 13 ವರ್ಷದ ಹೆಣ್ಣು ಬೆಕ್ಕು, ತೂಕ 3.4 ಕೆಜಿ, ಕಿಡ್ನಿ ಎಷ್ಟು ಸೋತಿದೆ ಎಂದು ತೋರಿಸುವ ಕ್ರಿಯಾಟಿನಿನ್ 3.4. ಮನೆಯವರು ತಾವೇ ಚರ್ಮದಡಿ ಡ್ರಿಪ್ ಕೊಡುತ್ತಿದ್ದರು. ಕತ್ತು ಬಾಗಿದ್ದರ ವಿಡಿಯೋ ಮೊಬೈಲಿನಲ್ಲಿ ತಂದಿದ್ದರು. ಇದು ತುಂಬಾ ಸಹಾಯ ಮಾಡುತ್ತದೆ, ಯಾಕೆಂದರೆ ಕ್ಲಿನಿಕ್ಕಿಗೆ ಬಂದ ಭಯಕ್ಕೆ ಬೆಕ್ಕು ಮೈಯೆಲ್ಲ ಮುದುಡಿಕೊಂಡರೆ ಕತ್ತಿನ ಸ್ಥಿತಿ ಸರಿಯಾಗಿ ಗೊತ್ತಾಗುವುದಿಲ್ಲ.

ಮೊದಲು ರಕ್ತ ಪರೀಕ್ಷೆ

ಪರೀಕ್ಷೆ ಮಾಡಿಸದೆ ಪೊಟ್ಯಾಸಿಯಂ ಶುರು ಮಾಡಲೇಬೇಡಿ. ಸಾಮಾನ್ಯ ಮಟ್ಟ ಲೀಟರಿಗೆ ಸುಮಾರು 3.5ರಿಂದ 5.5 ಎಂಇಕ್ಯು. ಎಂಇಕ್ಯು ಎಂದರೆ ಮಿಲಿಈಕ್ವಿವಲೆಂಟ್, ಪೊಟ್ಯಾಸಿಯಂ ಅಳೆಯುವ ಮಾನ. ಕತ್ತು ಬಾಗುವುದು ಹೆಚ್ಚಾಗಿ 3ಕ್ಕಿಂತ ಕೆಳಗೆ ಇಳಿದಾಗ. ಪುಟ್ಟಿಗೆ 2.7 ಇತ್ತು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹಾಕುವ ಔಷಧಿಯಲ್ಲೇ ಪೊಟ್ಯಾಸಿಯಂ ಇರುತ್ತದೆ. ಅದರ ರಕ್ತ ಇನ್ನೊಂದು ಟ್ಯೂಬಿಗೆ ಸ್ವಲ್ಪ ಸೇರಿದರೂ ಸಂಖ್ಯೆ ಸುಳ್ಳಾಗಿ ಮೇಲೆ ಬರುತ್ತದೆ. ಕತ್ತು ಬಾಗಿದ್ದರೂ ರಿಪೋರ್ಟ್ ಚೆನ್ನಾಗಿದ್ದರೆ ಇನ್ನೊಮ್ಮೆ ರಕ್ತ ತೆಗೆಸಿ. ಆಗಲೂ ಸರಿಯಾಗಿದ್ದರೆ ಬೇರೆ ಕಾರಣ ಹುಡುಕಬೇಕು. ಬರೀ ಹಸಿ ಮೀನು ತಿನ್ನುವ ಬೆಕ್ಕಿಗೆ ಥಯಾಮಿನ್ ಎಂಬ ವಿಟಮಿನ್ ಬಿ1ರ ಕೊರತೆಯಿಂದಲೂ ಕತ್ತು ಹೀಗೇ ಬಾಗಬಹುದು.

ಬೆಕ್ಕು ಏಳಲಾರದೆ ಮಲಗಿದ್ದರೆ, ಉಸಿರು ಮೇಲಿಂದ ಮೇಲೆ ಸಣ್ಣಗೆ ಆಡುತ್ತಿದ್ದರೆ ಮನೆಯ ಸಿರಪ್ಪು ಸಾಲದು. ಉಸಿರಾಟದ ಮಾಂಸಖಂಡಗಳೂ ಸೋಲುತ್ತಿವೆ ಎಂದರ್ಥ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾಗಲಿ, ಹತ್ತಿರದ ಕ್ಲಿನಿಕ್ಕಾಗಲಿ, ಡ್ರಿಪ್ ನಿಧಾನವಾಗಿ ಹರಿಸಿ ಕಣ್ಣಿಟ್ಟು ನೋಡಿಕೊಳ್ಳುವ ಜಾಗ ಬೇಕು. ರಕ್ತನಾಳಕ್ಕೆ ಹೋಗುವ ಪೊಟ್ಯಾಸಿಯಂ ಗಂಟೆಗೆ ಕೆಜಿಗೆ 0.5 ಎಂಇಕ್ಯು ದಾಟಬಾರದು. ಪುಟ್ಟಿಯ ತೂಕಕ್ಕೆ ಅದು ಗಂಟೆಗೆ 1.7. ಪೊಟ್ಯಾಸಿಯಂ ಇಂಜೆಕ್ಷನ್ ನೇರವಾಗಿ ಚುಚ್ಚಿದರೆ ಹೃದಯ ನಿಂತುಬಿಡುತ್ತದೆ.

ಬಾಯಿಯ ಮೂಲಕ ಕೊಡುವುದು

ಪುಟ್ಟಿ ನಿಲ್ಲುತ್ತಿತ್ತು, ಸ್ವಲ್ಪ ತಿನ್ನುತ್ತಿತ್ತು. ಹಾಗಾಗಿ ಬಾಯಿಯ ಔಷಧಿ ಸಾಕಾಯಿತು. ಬೆಕ್ಕಿಗೆ ಪೊಟ್ಯಾಸಿಯಂ ಗ್ಲುಕೋನೇಟ್ ಅಥವಾ ಪೊಟ್ಯಾಸಿಯಂ ಸಿಟ್ರೇಟ್ ಕೊಡುತ್ತೇವೆ. ಕಿಡ್ನಿ ಕಾಯಿಲೆಯಲ್ಲಿ ರಕ್ತದಲ್ಲಿ ಆಮ್ಲ ಏರುತ್ತದೆ, ಸಿಟ್ರೇಟ್ ಅದನ್ನೂ ತಗ್ಗಿಸುತ್ತದೆ. ಕ್ಲೋರೈಡ್ ರುಚಿಗೆ ಕೆಟ್ಟದು, ಆಮ್ಲಕ್ಕೂ ಒಳ್ಳೆಯದಲ್ಲ.

ಸಾಮಾನ್ಯವಾಗಿ ಒಂದು ಬೆಕ್ಕಿಗೆ ದಿನಕ್ಕೆ 2ರಿಂದ 6 ಎಂಇಕ್ಯು ಕೊಡುತ್ತೇವೆ. ಪುಟ್ಟಿಗೆ ಬೆಳಗ್ಗೆ 2, ಸಂಜೆ 2 ಎಂದು ಬರೆದೆ. ಮೆಡಿಕಲ್ ಶಾಪಿನಲ್ಲಿ ಸಿಕ್ಕ ಸಿರಪ್ಪಿನಲ್ಲಿ 5 ಮಿಲಿಗೆ 1100 ಮಿಲಿಗ್ರಾಂ ಪೊಟ್ಯಾಸಿಯಂ ಸಿಟ್ರೇಟ್ ಇತ್ತು. ಅಂದರೆ ಸುಮಾರು 10 ಎಂಇಕ್ಯು. ಹಾಗಾಗಿ ಒಂದು ಹೊತ್ತಿಗೆ 1 ಮಿಲಿ. ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದು, ಅಷ್ಟೇ ನೀರು ಬೆರೆಸಿ, ಮೆತ್ತನೆಯ ಊಟದಲ್ಲಿ ಕಲಸಿಕೊಡಲು ಹೇಳಿದೆ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗುತ್ತದೆ. ಕತ್ತು ಬಾಗಿದ ಬೆಕ್ಕಿಗೆ ನುಂಗುವ ಶಕ್ತಿಯೂ ಕಡಿಮೆ. ಬಾಯಿಗೆ ಜೋರಾಗಿ ಹಾಕಿದರೆ ಶ್ವಾಸಕೋಶಕ್ಕೆ ಇಳಿದುಬಿಡಬಹುದು.

ಬಾಟಲಿಯ ಹಿಂದಿನ ಲೇಬಲ್ ಓದದೆ ಅಂಗಡಿಯಿಂದ ಹೊರಡಬೇಡಿ. ಮೂತ್ರ ಉರಿಗೆ ನಾವು ಕುಡಿಯುವ ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್ ಸಿರಪ್ಪನ್ನು ಇದರ ಬದಲು ಕೊಡುವುದುಂಟು. ಹೆಸರಿನಲ್ಲಿ ಸಿಟ್ರೇಟ್ ಇದ್ದರೂ ಅದರಲ್ಲಿರುವುದು ಸೋಡಿಯಂ, ಪೊಟ್ಯಾಸಿಯಂ ಚೂರೂ ಇಲ್ಲ. ಇನ್ನು ಕೆಲವು ಸಿರಪ್ಪುಗಳಲ್ಲಿ ಮೆಗ್ನೀಸಿಯಂ ಸೇರಿರುತ್ತದೆ. ಡಾಕ್ಟರಿಗೆ ತೋರಿಸಿಯೇ ಬಳಸಿ.

ಎಳನೀರು ಕೊಡಬಹುದಲ್ವಾ ಎಂದು ಬೆಂಗಳೂರಿನಲ್ಲಿ ಬಹಳ ಜನ ಕೇಳುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ ನಿಜ, ಆದರೆ ಎಷ್ಟಿದೆ ಎನ್ನುವುದು ಕಾಯಿಂದ ಕಾಯಿಗೆ ಬದಲಾಗುತ್ತದೆ. ಒಂದು ಹೊತ್ತಿನ 2 ಎಂಇಕ್ಯು ಬರಲು ಸುಮಾರು 30 ಮಿಲಿ ಬೇಕು. ತಲೆ ಎತ್ತಲಾಗದ ಬೆಕ್ಕಿಗೆ ಅಷ್ಟು ಕುಡಿಸುವುದು ಅಪಾಯ.

ಡ್ರಿಪ್‌ನಲ್ಲಿ ಏನಿದೆ ನೋಡಿ

ಪುಟ್ಟಿಯ ಮಟ್ಟ ಇಳಿಯಲು ಮನೆಯ ಡ್ರಿಪ್ಪೂ ಒಂದು ಕಾರಣವಾಗಿತ್ತು. ರಿಂಗರ್ ಲ್ಯಾಕ್ಟೇಟ್‌ನಲ್ಲಿ ಲೀಟರಿಗೆ ಪೊಟ್ಯಾಸಿಯಂ 4 ಎಂಇಕ್ಯು ಮಾತ್ರ. 100 ಮಿಲಿ ಕೊಟ್ಟರೆ ಸಿಗುವುದು 0.4. ಸಲೈನ್‌ನಲ್ಲಿ ಅದೂ ಇಲ್ಲ. ನೀರು ಹೆಚ್ಚಿದಂತೆ ಮೂತ್ರ ಹೆಚ್ಚುತ್ತದೆ, ಪೊಟ್ಯಾಸಿಯಂ ಇನ್ನಷ್ಟು ಸೋರುತ್ತದೆ. ಹಾಗೆಂದು ಡ್ರಿಪ್ ನಿಲ್ಲಿಸಬೇಡಿ. ಬಾಟಲಿಗೆ ಪೊಟ್ಯಾಸಿಯಂ ಸೇರಿಸಬೇಕೇ, ಎಷ್ಟು ಸೇರಿಸಬೇಕು ಎನ್ನುವುದನ್ನು ಡಾಕ್ಟರೇ ಲೆಕ್ಕ ಹಾಕಿ ಬೆರೆಸಿಕೊಡಬೇಕು.

ಮತ್ತೆ ಪರೀಕ್ಷೆ

7ರಿಂದ 14 ದಿನದೊಳಗೆ ಮತ್ತೆ ರಕ್ತ ನೋಡಬೇಕು. ಪುಟ್ಟಿಯ ಕತ್ತು ಅಷ್ಟರಲ್ಲಿ ನೇರವಾಗಿತ್ತು, ಮಟ್ಟ 3.6ಕ್ಕೆ ಬಂದಿತ್ತು. ಕತ್ತು ಸರಿಯಾಯಿತಲ್ಲ ಎಂದು ಮನೆಯವರು ಔಷಧಿ ನಿಲ್ಲಿಸಲು ಹೊರಟಿದ್ದರು. ಬೇಡ ಎಂದೆ. ಕಿಡ್ನಿಯ ಸೋರಿಕೆ ನಿಂತಿಲ್ಲವಲ್ಲ. 4ಕ್ಕಿಂತ ಮೇಲೆ ನಿಂತರೆ ಒಳ್ಳೆಯದೆಂದು ಒಂದು ಹೊತ್ತಿಗೆ ಅರ್ಧ ಎಂಇಕ್ಯು ಏರಿಸಿದೆ. ಅಂದರೆ ಕಾಲು ಮಿಲಿ ಜಾಸ್ತಿ. ಮುಂದಿನ ಪರೀಕ್ಷೆಯಲ್ಲಿ 4.2 ಬಂತು. ಅಲ್ಲಿಂದ ಡೋಸ್ ಬದಲಿಸಿಲ್ಲ, ಕಿಡ್ನಿ ಪರೀಕ್ಷೆಯ ಜೊತೆಗೇ ಪೊಟ್ಯಾಸಿಯಂ ಕೂಡ ನೋಡುತ್ತೇವೆ.

ಮಟ್ಟ ಮಿತಿಮೀರಿದರೂ ಹೃದಯಕ್ಕೆ ಅಪಾಯ. ಬಿಪಿ ಔಷಧಿಗಳಾದ ಬೆನಜೆಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವ ಬೆಕ್ಕಿನಲ್ಲಿ ಪೊಟ್ಯಾಸಿಯಂ ತಾನಾಗಿಯೇ ಏರಬಹುದು. ಬೆಕ್ಕು ಮೂತ್ರಕ್ಕೆ ಕೂತು ತಿಣುಕಿ ಒಂದು ಹನಿಯೂ ಬಾರದಿದ್ದರೆ, ಮುಖ್ಯವಾಗಿ ಗಂಡು ಬೆಕ್ಕಾದರೆ, ಆ ಹೊತ್ತಿನ ಡೋಸ್ ಕೊಡದೆ ಆಸ್ಪತ್ರೆಗೆ ಹೊರಡಿ.

ಡೋಸ್ ಏರಿಸಿದರೂ ಮಟ್ಟ ಏರದಿದ್ದರೆ ಸುಮ್ಮನೆ ಸಿರಪ್ ಹೆಚ್ಚಿಸುತ್ತಾ ಹೋಗಬೇಡಿ. ಮೆಗ್ನೀಸಿಯಂ ಕಡಿಮೆ ಇದ್ದರೆ ಪೊಟ್ಯಾಸಿಯಂ ನಿಲ್ಲುವುದಿಲ್ಲ, ಅದನ್ನು ಅಳೆಸಿ. ಬಿಪಿಯನ್ನೂ ನೋಡಿಸಿ. ಪೊಟ್ಯಾಸಿಯಂ ಕಡಿಮೆ, ಬಿಪಿ ಜಾಸ್ತಿ, ಎರಡೂ ಒಟ್ಟಿಗಿದ್ದರೆ ಕಿಡ್ನಿಯ ಪಕ್ಕದ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇರಬಹುದು. ಅದಕ್ಕೆ ಹೊಟ್ಟೆಯ ಸ್ಕ್ಯಾನ್ ಮತ್ತು ಆ ಗ್ರಂಥಿಯ ಹಾರ್ಮೋನ್ ಆದ ಆಲ್ಡೋಸ್ಟೆರೋನ್ ಪರೀಕ್ಷೆ ಬೇಕು.