ವಯಸ್ಕರ ಮಿದುಳಿನಲ್ಲಿ ಎಳೆಯ ನರಕೋಶಗಳನ್ನು ನಾನು ಹುಡುಕಿದ ಬಗೆ

ವಯಸ್ಕರ ಮಿದುಳಿನಲ್ಲಿ ನೆನಪಿನ ಕೆಲಸಕ್ಕೆ ಮುಖ್ಯವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಹುಟ್ಟುತ್ತವೆಯೇ ಎಂಬ ಜಗಳ ಜೋರಾದದ್ದು 2018ರಲ್ಲಿ. ಸೊರೆಲ್ಸ್ ತಂಡಕ್ಕೆ ವಯಸ್ಕರ ಮಾದರಿಗಳಲ್ಲಿ ಒಂದೂ ಎಳೆಯ ನರಕೋಶ ಸಿಗಲಿಲ್ಲ. ಅದೇ ವರ್ಷ ಬೋಲ್ಡ್ರಿನಿ ತಂಡ, 79 ವರ್ಷದವರೆಗೂ ಅವು ಇವೆ ಎಂದಿತು. ಮರಣಾನಂತರ ದಾನವಾಗಿ ಬಂದ ಅಂಗಾಂಶಕ್ಕೆ ಬಣ್ಣ ಹಾಕುವುದೇ ನನ್ನ ಕೆಲಸ. ಹಾಗಾಗಿ ಯಾರು ಸರಿ ಎನ್ನುವುದಕ್ಕಿಂತ ಮೊದಲು, ಆ ಅಂಗಾಂಶ, ಅದು ಕೆಡದಂತೆ ಕಾಯುವ ಫಿಕ್ಸೇಟಿವ್‌ನಲ್ಲಿ ಎಷ್ಟು ಹೊತ್ತು ಇತ್ತು ಎಂದು ಕೇಳುತ್ತೇನೆ.

ಎಳೆಯ ನರಕೋಶದ ಮುಖ್ಯ ಗುರುತು ಡಬಲ್‌ಕಾರ್ಟಿನ್ ಎಂಬ ಪ್ರೋಟೀನು. ಫಿಕ್ಸೇಟಿವ್ ಆಗಿ ಬಳಸುವ ಪ್ಯಾರಾಫಾರ್ಮಾಲ್ಡಿಹೈಡ್ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಅತಿಯಾದರೆ, ಆ ಗುರುತಿಗೆ ಅಂಟಿಕೊಂಡು ಅದನ್ನು ತೋರಿಸಿಕೊಡುವ ಆ್ಯಂಟಿಬಾಡಿಗೆ ಹಿಡಿಯಲು ಜಾಗವೇ ಉಳಿಯುವುದಿಲ್ಲ. ಇದನ್ನು ಕಣ್ಣಾರೆ ನೋಡಲು ಒಬ್ಬರೇ ದಾನಿಯ ಹಿಪೊಕ್ಯಾಂಪಸ್‌ನಿಂದ ತೆಳುವಾದ ತುಂಡುಗಳನ್ನು ತೆಗೆದು, ಕೆಲವನ್ನು 24 ಗಂಟೆಯೊಳಗೆ ದ್ರಾವಣದಿಂದ ಹೊರತೆಗೆದೆ, ಉಳಿದವನ್ನು ತಿಂಗಳುಗಟ್ಟಲೆ ಅದರಲ್ಲೇ ಬಿಟ್ಟೆ. ಆಮೇಲಿನದೆಲ್ಲ ಎರಡಕ್ಕೂ ಒಂದೇ: ಸಿಟ್ರೇಟ್ ಬಫರ್‌ನಲ್ಲಿ ಬಿಸಿ ಮಾಡಿದ್ದು, ಆ್ಯಂಟಿಬಾಡಿ, ಮೈಕ್ರೋಸ್ಕೋಪಿನ ಸೆಟ್ಟಿಂಗ್. ಮೊದಲ ಗುಂಪಿನಲ್ಲಿ, ಹಿಪೊಕ್ಯಾಂಪಸ್‌ನದೇ ಭಾಗವಾದ ಡೆಂಟೇಟ್ ಗೈರಸ್‌ನ ಗ್ರ್ಯಾನ್ಯೂಲ್ ಪದರದ ಒಳಅಂಚಿನಲ್ಲಿ ಕೋಶಗಳು ಎದ್ದು ಕಂಡವು. ಎರಡನೆಯದರಲ್ಲಿ ಏನೂ ಇಲ್ಲ. ದಾನಿ ಒಬ್ಬರೇ ಆದ್ದರಿಂದ, ಎರಡನೆಯ ಗುಂಪಿನ ಖಾಲಿತನಕ್ಕೆ ಮಿದುಳು ಕಾರಣವಲ್ಲ. 2019ರಲ್ಲಿ ಯೊರೆನ್ಸ್-ಮಾರ್ತಿನ್ ತಂಡ ಹೇಳಿದ್ದೂ ಇದನ್ನೇ.

ಕಂಡದ್ದೆಲ್ಲ ಎಳೆಯ ನರಕೋಶವೂ ಅಲ್ಲ. ವಯಸ್ಸಾದ ಕೋಶಗಳಲ್ಲಿ ಸೇರುವ ಲಿಪೊಫ್ಯೂಸಿನ್ ತಾನಾಗಿಯೇ ಹೊಳೆಯುತ್ತದೆ. ಆ್ಯಂಟಿಬಾಡಿ ಹಾಕದ ಚಾನೆಲ್‌ನಲ್ಲೂ ಅದೇ ಚುಕ್ಕೆ ಕಂಡರೆ ಅದನ್ನು ಎಣಿಕೆಯಿಂದ ಕೈಬಿಡುತ್ತೇನೆ. ಗ್ರ್ಯಾನ್ಯೂಲ್ ಕೋಶದ ಗುರುತಾದ ಪ್ರಾಕ್ಸ್1 ಕೂಡ ಅದೇ ಕೋಶದಲ್ಲಿ ಇರಲೇಬೇಕು. ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಕೋಶ ಇತ್ತೀಚೆಗೆ ಹುಟ್ಟಿದ್ದೋ, ಬಾಲ್ಯದಲ್ಲೇ ಹುಟ್ಟಿ ನಿಧಾನವಾಗಿ ಬಲಿಯುತ್ತಿರುವುದೋ? ಬಣ್ಣ ಅದನ್ನು ಹೇಳಲಾರದು. ಹುಟ್ಟಿಗೆ ಹೆಚ್ಚು ನೇರವಾದ ಸಾಕ್ಷ್ಯ 1998ರ ಎರಿಕ್‌ಸನ್ ಅಧ್ಯಯನದ್ದು: ಡಿಎನ್‌ಎ ನಕಲಾಗುವಾಗ ಸೇರಿಕೊಳ್ಳುವ ಬಿಆರ್‌ಡಿಯು ಪಡೆದಿದ್ದ ಕ್ಯಾನ್ಸರ್ ರೋಗಿಗಳ ಮಿದುಳಿನಲ್ಲಿ ಆ ಗುರುತು ಹೊತ್ತ ನರಕೋಶಗಳು ಸಿಕ್ಕಿದ್ದವು.

ಈ ಕೋಶಗಳ ಕೆಲಸದ ವಿಷಯದಲ್ಲಿ ನಾನು ಇನ್ನೂ ಬಿಗಿ. ಒಂದನ್ನೊಂದು ಹೋಲುವ ಅನುಭವಗಳನ್ನು ಬೇರೆ ಬೇರೆ ನೆನಪಾಗಿ ಇಡಲು, ಅಂದರೆ ಪ್ಯಾಟರ್ನ್ ಸೆಪರೇಷನ್‌ಗೆ, ಅವು ನೆರವಾಗುತ್ತವೆ ಎಂಬುದು ಪ್ರಬಲ ಊಹೆ. ಕ್ಲೆಲಂಡ್ ತಂಡ 2009ರಲ್ಲಿ ಇಲಿಗಳ ಹಿಪೊಕ್ಯಾಂಪಸ್‌ಗೆ ವಿಕಿರಣ ಕೊಟ್ಟು ಹೊಸ ಕೋಶಗಳ ಹುಟ್ಟನ್ನು ತಡೆದಾಗ, ಆ ಇಲಿಗಳು ಹತ್ತಿರ ಹತ್ತಿರದ ಜಾಗಗಳನ್ನು ಗುರುತಿಸುವಲ್ಲಿ ಎಡವಿದವು. ದೂರದ ಜಾಗಗಳಲ್ಲಿ ತೊಂದರೆಯಾಗಲಿಲ್ಲ. ಮನುಷ್ಯರಿಗೆ ಮೊದಲು ನೋಡಿದ ಚಿತ್ರವನ್ನೇ ಹೋಲುವ ಇನ್ನೊಂದನ್ನು ತೋರಿಸಿ, ಇದು ಅದೇನಾ ಎಂದು ಕೇಳುವ ಪರೀಕ್ಷೆಯಿದೆ. ವಯಸ್ಸಾದಂತೆ ಇದರಲ್ಲಿ ಅಂಕ ಇಳಿಯುತ್ತದೆ, ನಿಜ. ಆದರೆ ಆ ವಯಸ್ಸಿನಲ್ಲಿ ಡೆಂಟೇಟ್ ಗೈರಸ್‌ಗೆ ಬರುವ ಹಳೆಯ ಸಂಪರ್ಕಗಳೂ ಸವೆದಿರುತ್ತವೆ, ಜೀವಂತ ಮಿದುಳಿನಲ್ಲಿ ಹೊಸ ಕೋಶ ಎಣಿಸುವ ದಾರಿಯೂ ಇಲ್ಲ. ಹಾಗಾಗಿ ನನ್ನ ಸ್ಲೈಡಿನ ಎಣಿಕೆಯನ್ನು ಯಾರದೇ ಮರೆವಿನ ಕಾರಣವೆಂದು ವರದಿಯಲ್ಲಿ ಬರೆಯುವುದಿಲ್ಲ.