ಸಾಕ್ಷಿ ಹೇಳಲು ಹೋಗುವವರು ರಜೆ ಕೇಳುವ ಬಗೆ
ತೋರಣಗಲ್ಲಿನ ಕಾರ್ಖಾನೆಯಲ್ಲಿ ದುಡಿಯುವವರಿಗೆ ಕೊಪ್ಪಳ ಕೋರ್ಟಿನಿಂದ ಸಾಕ್ಷಿ ಸಮನ್ಸ್ ಬಂದಿದೆ ಅಂದುಕೊಳ್ಳಿ. ಕೈಗೆ ಬಂದ ದಿನವೇ ಅದರ ಜೆರಾಕ್ಸ್ ಲಗತ್ತಿಸಿ ಅರ್ಜಿ ಕೊಡಿ. ಕೋರ್ಟಿನ ಹೆಸರು, ಕೇಸ್ ನಂಬರ್, ಹಾಜರಾಗಬೇಕಾದ ದಿನಾಂಕ, ವೇಳೆ ಬರೆಯಿರಿ. ‘ಸಾಕ್ಷಿಯಾಗಿ’ ಅನ್ನೋದನ್ನು ಸ್ಪಷ್ಟವಾಗಿ ಸೇರಿಸಿ, ಇಲ್ಲದಿದ್ದರೆ ನೀವೇ ಆರೋಪಿ ಅಂದುಕೊಳ್ಳುತ್ತಾರೆ. ಕೇಸಿನ ಕತೆ ಬೇಡ. ಹಿಂದಿನ ರಾತ್ರಿ ಪಾಳಿಯಿದ್ದರೆ ಅದನ್ನೂ ಬದಲಿಸಲು ಅದೇ ಅರ್ಜಿಯಲ್ಲೇ ಕೇಳಿ. ನಿದ್ದೆಗೆಟ್ಟು ಕಟಕಟೆ ಹತ್ತಿದರೆ ಪಾಟೀ ಸವಾಲಿನಲ್ಲಿ ತಡವರಿಸುತ್ತೀರಿ. ಅರ್ಜಿಯ ಇನ್ನೊಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಎಷ್ಟೋ ಸಲ ಅಂದು ಸಾಕ್ಷಿ ನಡೆಯದೆ ಮುಂದಿನ ತಾರೀಖು ಬೀಳುತ್ತದೆ. ಆಗಲೂ ಬರಿಗೈಲಿ ಮರಳಬೇಡಿ. ಹೊಸ ತಾರೀಖು ಬರೆದುಕೊಂಡು, ಕೋರ್ಟ್ ಸಿಬ್ಬಂದಿಯಿಂದ ಸೀಲು ಹಾಕಿದ ಹಾಜರಾತಿ ಪತ್ರ ಕೇಳಿ ಪಡೆಯಿರಿ. ರಜೆಗೆ ಸಂಬಳ ಕೊಡುತ್ತಾರೋ ಇಲ್ಲವೋ ಅದು ಕಂಪನಿಯ ನಿಯಮ, ಎಚ್‌ಆರ್‌ನಲ್ಲಿ ಮೊದಲೇ ವಿಚಾರಿಸಿ. ರಜೆ ಸಿಗಲಿಲ್ಲ ಅಂತ ಗೈರಾದರೆ ಮಾತ್ರ ವಾರಂಟ್ ನಿಮ್ಮ ಹೆಸರಿಗೇ ಬರಬಹುದು.